ಮೆದುಳು ಜ್ವರದ ಮೊದಲ ಗಂಟೆ: ಕಾರಣ ತಿಳಿಯುವ ಮೊದಲೇ ಔಷಧಿ ಆರಿಸುವುದು ಹೇಗೆ?

ನವೆಂಬರ್ ತಿಂಗಳು, ರಾತ್ರಿ ಹತ್ತೂಕಾಲು. ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಿಂದ ಜೀಪಿನಲ್ಲಿ 54 ವರ್ಷದ ಹೆಂಗಸನ್ನು ಕರೆತಂದರು. "ಡಾಕ್ಟ್ರೇ, ಆರು ದಿನದಿಂದ ಜ್ವರ. ತಲೆ ಒಡೆದು ಹೋಗತ್ತೆ ಅಂತಿದ್ರು. ನಿನ್ನೆ ಸಂಜೆಯಿಂದ ಅಮ್ಮ ಏನೇನೋ ಮಾತಾಡ್ತಿದಾರೆ" ಎಂದ ಮಗ. ಕೈಯಲ್ಲಿ ಮಾತ್ರೆಯ ಕವರ್. ಪ್ಯಾರಸಿಟಮಾಲ್, ಜೊತೆಗೆ ಮೂರು ದಿನ ನುಂಗಿದ ಸೆಫಿಕ್ಸಿಮ್.

ಜ್ವರ 102.6, ನಾಡಿ 112, ಬಿಪಿ 100/60. ಕರೆದರೆ ಕಣ್ಣು ಬಿಡುತ್ತಾರೆ, ಹೇಳಿದ್ದನ್ನು ಮಾಡುತ್ತಾರೆ, ಆದರೆ ಇದು ಯಾವ ಊರು ಎಂದರೆ ತವರಿನ ಹೆಸರು ಹೇಳುತ್ತಾರೆ. ಜಿಸಿಎಸ್ 13. ಕುತ್ತಿಗೆ ಬಗ್ಗಿಸಲು ಹೋದರೆ ಮುಖ ಕಿವುಚುತ್ತಾರೆ. ತೂಕ ಸುಮಾರು 50 ಕೆ.ಜಿ.

ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಡ್ಯೂಟಿ ಮಾಡುವ ಡಾಕ್ಟರು, ಸಿಸ್ಟರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಲ್ಯಾಬ್ ಮುಚ್ಚಿದೆ, ಸಿಟಿ ಸ್ಕ್ಯಾನ್ ಇಲ್ಲ, ಶಿವಮೊಗ್ಗ 60 ಕಿ.ಮೀ. ದೂರ. ಆಗ ಏನು ಕೊಡಬೇಕು, ಯಾವ ಕ್ರಮದಲ್ಲಿ ಕೊಡಬೇಕು, ಆಮೇಲೆ ಯಾವುದನ್ನು ಯಾವಾಗ ಬಿಡಬೇಕು? ಈ ಹೆಂಗಸಿನ ಕಥೆಯನ್ನೇ ಹಿಡಿದು ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಮೊದಲು: ಅನುಮಾನ ಬಂತೆಂದರೆ ಗಡಿಯಾರ ನೋಡಿ

ಜ್ವರ, ತಲೆನೋವು, ಬಿಗಿದ ಕುತ್ತಿಗೆ, ಮಂಕುತನ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಆದ ದೊಡ್ಡವರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಈ ನಾಲ್ಕರಲ್ಲಿ ಎರಡಾದರೂ ಇರುತ್ತವೆ. ನಾಲ್ಕೂ ಇರಲೇಬೇಕು ಎಂದು ಕಾಯಬೇಡಿ. ಕುತ್ತಿಗೆ ಮೆತ್ತಗಿದೆ ಅಂತ ಕಾಯಿಲೆ ಇಲ್ಲ ಎನ್ನಲೂ ಆಗದು. ಬಾಗಿಲಿಗೆ ಬಂದ ಒಂದು ಗಂಟೆಯೊಳಗೆ ಮೊದಲ ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಿರಬೇಕು. ನಾನು ಕೇಸ್ ಶೀಟಿನ ಮೇಲ್ಭಾಗದಲ್ಲಿ "10.15 ಬಂದರು" ಎಂದು ದೊಡ್ಡದಾಗಿ ಬರೆದೆ.

ಗ್ಲೂಕೋಮೀಟರ್‌ನಲ್ಲಿ ಸಕ್ಕರೆ ನೋಡಿದೆವು, 108. ಸಕ್ಕರೆ ಇಳಿದು ಮಂಕಾದವರನ್ನು ಮೆನಿಂಜೈಟಿಸ್ ಎಂದುಕೊಂಡು ಕಳಿಸಿದ್ದೂ ಉಂಟು. ಆದ್ದರಿಂದ ಈ ಅರ್ಧ ನಿಮಿಷದ ಕೆಲಸವನ್ನು ಬಿಡಬೇಡಿ.

ಆಮೇಲೆ ರಕ್ತದ ಕಲ್ಚರ್. ಬಾಟಲಿ ಇಲ್ಲ ಎಂಬ ಮಾತೇ ಬರಬಾರದೆಂದು ನಾಲ್ಕು ಬಾಟಲಿಗಳನ್ನು ಡ್ಯೂಟಿ ರೂಮಿನ ಕಪಾಟಿನಲ್ಲಿ ಇಟ್ಟುಕೊಂಡಿರುತ್ತಿದ್ದೆ. ಐವಿ ಹಾಕುವಾಗಲೇ ಎರಡು ಬಾಟಲಿಗೆ ರಕ್ತ ಎಳೆದು, ಸಮಯ ಬರೆದು, ರೋಗಿಯ ಜೊತೆಗೇ ಕಳಿಸುವುದು. ಫ್ರಿಜ್‌ನಲ್ಲಿ ಇಡಬಾರದು, ರೂಮಿನ ಬಿಸಿಯಲ್ಲೇ ಇರಲಿ.

ಬೆನ್ನಿನ ನೀರು ಇಲ್ಲೇ ತೆಗೆಯಬೇಕಾ? ಸೂಜಿ ಹಾಕಲು ನನಗೆ ಬರುತ್ತದೆ, ಆದರೆ ರಾತ್ರಿ ಕಣ ಎಣಿಸುವವರು ಇಲ್ಲ. ತೆಗೆದ ನೀರು ಒಂದೆರಡು ಗಂಟೆ ಹಾಗೇ ಇದ್ದರೆ ಬಿಳಿಕಣಗಳು ಒಡೆಯುತ್ತಾ ಹೋಗುತ್ತವೆ. ಅದರಲ್ಲೂ ನ್ಯೂಟ್ರೊಫಿಲ್‌ಗಳು ಬೇಗ ಒಡೆಯುತ್ತವೆ. ಶಿವಮೊಗ್ಗ ತಲುಪುವಷ್ಟರಲ್ಲಿ ನಮಗೆ ಬೇಕಾದ ಲೆಕ್ಕವೇ ಕೆಟ್ಟಿರುತ್ತದೆ. ಹಾಗಾಗಿ ನೀರು ಕಳಿಸುವುದಕ್ಕಿಂತ ರೋಗಿಯನ್ನು ಕಳಿಸುವುದೇ ವಾಸಿ. ಆದರೆ ಔಷಧಿ ಹಾಕದೆ ಕಳಿಸುವಂತಿಲ್ಲ.

ಎರಡನೆಯದು: ಡೆಕ್ಸಾಮೆಥಾಸೋನ್, ಅದರ ಬೆನ್ನಿಗೇ ಸೆಫ್ಟ್ರಿಯಾಕ್ಸೋನ್

ಈ ಕ್ರಮ ಮುಖ್ಯ. ಆಂಟಿಬಯೋಟಿಕ್ ಹೊಡೆತಕ್ಕೆ ಬ್ಯಾಕ್ಟೀರಿಯಾ ಒಡೆದಾಗ ಅದರ ಚೂರುಗಳಿಗೆ ಮಿದುಳಿನ ಪೊರೆ ಇನ್ನಷ್ಟು ಊದಿಕೊಳ್ಳುತ್ತದೆ. ಡೆಕ್ಸಾ ಆ ಊತವನ್ನು ತಡೆಯಬೇಕಾದರೆ ಮೊದಲೇ ಅಥವಾ ಜೊತೆಯಲ್ಲೇ ಹೋಗಬೇಕು. 2002ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ ನ್ಯೂಮೊಕಾಕಸ್ ತಗುಲಿದವರ ಸಾವು ಇದರಿಂದ ಎದ್ದುಕಾಣುವಂತೆ ಕಡಿಮೆಯಾಗಿತ್ತು. ಬೇರೆ ಕೆಲವು ದೇಶಗಳ ಅಧ್ಯಯನಗಳಲ್ಲಿ ಅಂಥ ಲಾಭ ಕಾಣಲಿಲ್ಲ. ನನ್ನ ಲೆಕ್ಕ ಸರಳ: ಮೊದಲ ಡೋಸ್ ಕೊಟ್ಟರೆ ಕಳೆದುಕೊಳ್ಳುವುದು ಕಡಿಮೆ, ಬೇಡವಾದರೆ ಬೆಳಿಗ್ಗೆ ನಿಲ್ಲಿಸಬಹುದು. ಮರೆತು ಹೋಗಿ ನಾಲ್ಕು ಗಂಟೆ ದಾಟಿದರೆ ಮಾತ್ರ ಆಮೇಲೆ ಸುಮ್ನೆ ಶುರು ಮಾಡಬೇಡಿ.

ಡೋಸ್ ಕೆ.ಜಿ.ಗೆ 0.15 ಮಿ.ಗ್ರಾಂ., ದೊಡ್ಡವರಿಗೆ ಸಾಮಾನ್ಯವಾಗಿ 10 ಮಿ.ಗ್ರಾಂ., ಆರು ಗಂಟೆಗೊಮ್ಮೆ. ಇವರ 50 ಕೆ.ಜಿ.ಗೆ 7.5 ಬರುತ್ತದೆ. ನಮ್ಮಲ್ಲಿ ಸಿಗುವ 2 ಮಿ.ಲೀ. ವಯಲ್‌ನಲ್ಲಿ 8 ಮಿ.ಗ್ರಾಂ. ಇರುತ್ತದೆ. ಒಂದು ಪೂರ್ತಿ ವಯಲ್ ಕೊಟ್ಟೆವು.

ಇನ್ನು ಸೆಫ್ಟ್ರಿಯಾಕ್ಸೋನ್. ಬರುವ ತಪ್ಪು ಹೆಚ್ಚಾಗಿ ಆಯ್ಕೆಯದ್ದಲ್ಲ, ಡೋಸಿನದ್ದು. ಟೈಫಾಯ್ಡ್‌ಗೆ, ನ್ಯುಮೋನಿಯಾಗೆ ದಿನಾ 1 ಗ್ರಾಂ ಬರೆದು ಬರೆದು ಕೈಗೆ ಅದೇ ಅಭ್ಯಾಸವಾಗಿರುತ್ತದೆ. ರಕ್ತದಲ್ಲಿರುವ ಸೆಫ್ಟ್ರಿಯಾಕ್ಸೋನ್‌ನ ಸ್ವಲ್ಪ ಪಾಲು ಮಾತ್ರ ಬೆನ್ನಿನ ನೀರಿಗೆ ದಾಟುತ್ತದೆ. ಆದ್ದರಿಂದ ಮೆನಿಂಜೈಟಿಸ್‌ಗೆ ದೊಡ್ಡವರಿಗೆ 2 ಗ್ರಾಂ, 12 ಗಂಟೆಗೊಮ್ಮೆ. ಮಕ್ಕಳಿಗೆ ದಿನಕ್ಕೆ ಕೆ.ಜಿ.ಗೆ 100 ಮಿ.ಗ್ರಾಂ., ಎರಡು ಪಾಲು ಮಾಡಿ, ದಿನಕ್ಕೆ 4 ಗ್ರಾಂ ಮೀರದಂತೆ. ಹುಟ್ಟಿದ ತಿಂಗಳೊಳಗಿನ ಕೂಸಿನ ಲೆಕ್ಕವೇ ಬೇರೆ. ಅಲ್ಲಿ ಸೆಫೊಟಾಕ್ಸಿಮ್, ಆಂಪಿಸಿಲಿನ್ ಬಳಸುತ್ತಾರೆ. ಅದನ್ನು ಇಲ್ಲಿ ಬೆರೆಸುವುದಿಲ್ಲ.

1 ಗ್ರಾಂನ ಎರಡು ವಯಲ್, ಒಂದೊಂದಕ್ಕೂ 10 ಮಿ.ಲೀ. ಇಂಜೆಕ್ಷನ್ ನೀರು ಹಾಕಿ ಕರಗಿಸಿ, 100 ಮಿ.ಲೀ. ನಾರ್ಮಲ್ ಸಲೈನ್‌ಗೆ ಸೇರಿಸಿ, ಅರ್ಧ ಗಂಟೆಯಲ್ಲಿ ಹೋಗುವಂತೆ ಬಿಟ್ಟೆವು. ಎರಡು ಎಚ್ಚರಿಕೆ. ಬಿಪಿ ಕಡಿಮೆ ಇದೆ ಅಂತ ಯಾರೋ ಆಗಲೇ ರಿಂಗರ್ ಲ್ಯಾಕ್ಟೇಟ್ ತೂಗುಹಾಕಿರುತ್ತಾರೆ. ಅದರಲ್ಲಿ ಕ್ಯಾಲ್ಸಿಯಂ ಇದೆ, ಸೆಫ್ಟ್ರಿಯಾಕ್ಸೋನ್ ಜೊತೆ ಸೇರಿದರೆ ಗಸಿ ಕಟ್ಟುತ್ತದೆ. ತೆಗೆದು ಸಲೈನ್ ಹಾಕಿ. ಇನ್ನೊಂದು, ಸೊಂಟಕ್ಕೆ ಚುಚ್ಚುವ ಸೆಫ್ಟ್ರಿಯಾಕ್ಸೋನ್ ಪ್ಯಾಕಿನಲ್ಲಿ ಕೆಲವೊಮ್ಮೆ ಲಿಗ್ನೊಕೇನ್ ಇರುವ ದ್ರಾವಣ ಬರುತ್ತದೆ. ಅದು ಯಾವ ಕಾರಣಕ್ಕೂ ರಕ್ತನಾಳಕ್ಕೆ ಹೋಗಬಾರದು. ನಾಳವೇ ಸಿಗದ ರೋಗಿಗೆ ಮಾತ್ರ ಎರಡೂ ಪೃಷ್ಠಕ್ಕೆ 1 ಗ್ರಾಂನಂತೆ ಚುಚ್ಚಿ ಕಳಿಸುವುದು, ಏನೂ ಕೊಡದೆ ಕಳಿಸುವುದಕ್ಕಿಂತ ಎಷ್ಟೋ ಮೇಲು.

10.50ಕ್ಕೆ ಸೆಫ್ಟ್ರಿಯಾಕ್ಸೋನ್ ಶುರುವಾಯಿತು. ಬಂದು ಮೂವತ್ತೈದು ನಿಮಿಷ.

ಮೂರನೆಯದು: ಸೆಫ್ಟ್ರಿಯಾಕ್ಸೋನ್ ಕೈಗೆ ಸಿಗದವು ಯಾವುವು?

ಸೆಫ್ಟ್ರಿಯಾಕ್ಸೋನ್ ಮೆನಿಂಗೊಕಾಕಸ್, ಹೀಮೊಫಿಲಸ್, ಹೆಚ್ಚಿನ ನ್ಯೂಮೊಕಾಕಸ್‌ಗಳನ್ನು ಹೊಡೆಯುತ್ತದೆ. ಇಲಿಜ್ವರಕ್ಕೂ ಆಗುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ಬಿಟ್ಟುಹೋಗುವುದು ಏನು ಎಂದು ಕೇಳಿಕೊಳ್ಳಬೇಕು. ಒಂದೊಂದು ಔಷಧಿ ಸೇರಿಸುವುದೂ ಆ ಪ್ರಶ್ನೆಯ ಉತ್ತರವಾಗಿರಬೇಕು.

ಸೆಫ್ಟ್ರಿಯಾಕ್ಸೋನ್‌ಗೆ ಪೂರ್ತಿ ಬಗ್ಗದ ನ್ಯೂಮೊಕಾಕಸ್‌ಗಳು ಇವೆ. ಅದಕ್ಕಾಗಿ ವ್ಯಾಂಕೊಮೈಸಿನ್. ಮೊದಲ ಡೋಸ್ ಕೆ.ಜಿ.ಗೆ 25 ಮಿ.ಗ್ರಾಂ. ಲೆಕ್ಕದಲ್ಲಿ 1250 ಮಿ.ಗ್ರಾಂ., ಅಂದರೆ 500ರ ಎರಡೂವರೆ ವಯಲ್, 250 ಮಿ.ಲೀ. ಸಲೈನ್‌ನಲ್ಲಿ, ಎರಡು ಗಂಟೆ ಹಿಡಿದು ನಿಧಾನಕ್ಕೆ. ಓಡಿಸಿದರೆ ಮೈಯೆಲ್ಲಾ ಕೆಂಪಾಗಿ ಬಿಪಿ ಇಳಿಯುತ್ತದೆ. ಇದು ಮತ್ತು ಸೆಫ್ಟ್ರಿಯಾಕ್ಸೋನ್ ಒಂದೇ ನಳಿಗೆಯಲ್ಲಿ ಕಲೆತರೆ ಹಾಲಿನಂತೆ ಬೆಳ್ಳಗಾಗುತ್ತದೆ. ನಡುವೆ ಸಲೈನ್ ಹಾಯಿಸಿ ತೊಳೆಯಿರಿ. ಸ್ಟಾಕ್ ಇಲ್ಲದಿದ್ದರೆ ಅದಕ್ಕಾಗಿ ಆಂಬ್ಯುಲೆನ್ಸ್ ನಿಲ್ಲಿಸಬೇಡಿ, ಶಿವಮೊಗ್ಗದಲ್ಲಿ ಹಾಕಲಿ.

ಲಿಸ್ಟೀರಿಯಾ ಮೇಲೆ ಸೆಫ್ಟ್ರಿಯಾಕ್ಸೋನ್ ಕೆಲಸವನ್ನೇ ಮಾಡುವುದಿಲ್ಲ. ವಯಸ್ಸು 50 ದಾಟಿದವರು, ಬಸುರಿಯರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಕುಡಿತ ಜಾಸ್ತಿ ಇರುವವರು, ಇವರಿಗೆ ಆಂಪಿಸಿಲಿನ್ 2 ಗ್ರಾಂ, ನಾಲ್ಕು ಗಂಟೆಗೊಮ್ಮೆ. ನಮ್ಮ ಕಡೆ ನಾನು ಲಿಸ್ಟೀರಿಯಾ ಕಂಡದ್ದಿಲ್ಲ ಎನ್ನುವುದು ನಿಜ. ಆದರೂ 54ರ ಹೆಂಗಸಿಗೆ ಬೆನ್ನಿನ ನೀರಿನ ಉತ್ತರ ಬರುವ ತನಕ ಕೊಡದೇ ಇರಲು ನನಗೆ ಧೈರ್ಯವಿಲ್ಲ.

ಇಲ್ಲಿಯವರೆಗಿನದು ಯಾವ ಊರಿನಲ್ಲಾದರೂ ಹೀಗೇ. ಮಲೆನಾಡಿನ ಪ್ರಶ್ನೆ ಇನ್ನು ಮುಂದೆ.

ನಾಲ್ಕನೆಯದು: ಬಟ್ಟೆ ಸರಿಸಿ ಮೈ ಹುಡುಕಿ, ಡಾಕ್ಸಿಸೈಕ್ಲಿನ್ ಯೋಚಿಸಿ

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನಿಂದಲೇ ಆದದ್ದು ಹೇಳುತ್ತೇನೆ. ಒಬ್ಬ ತೋಟದ ಆಳಿಗೆ ಇದೇ ಥರ ಜ್ವರ, ತಲೆನೋವು, ಮಂಕು. ಸೆಫ್ಟ್ರಿಯಾಕ್ಸೋನ್ ಐದು ದಿನ ಕೊಟ್ಟರೂ ಜ್ವರ ಇಳಿಯಲಿಲ್ಲ. ಔಷಧಿ ಸರಿಯಿಲ್ಲವೇನೋ ಎಂದು ಇನ್ನೂ ದುಬಾರಿಯದಕ್ಕೆ ಬದಲಿಸಿದೆ. ಅದೇ ದಿನ ಮೈ ಒರೆಸುತ್ತಿದ್ದ ಆಯಾ ಕರೆದರು: "ಸಾರ್, ಇವ್ರ ಕಂಕುಳಲ್ಲಿ ಏನೋ ಸುಟ್ಟ ಗಾಯ ಇದೆ, ನೋಡಿದೀರಾ?" ನೋಡಿರಲಿಲ್ಲ. ಅದು ಸ್ಕ್ರಬ್ ಟೈಫಸ್. ಡಾಕ್ಸಿಸೈಕ್ಲಿನ್ ಕೊಟ್ಟ ಮರುದಿನ ಸಂಜೆ ಜ್ವರ ಬಿಟ್ಟಿತು.

ಸ್ಕ್ರಬ್ ಟೈಫಸ್ ತರುವ ಒರಿಯೆಂಟಿಯಾ ನಮ್ಮ ಜೀವಕೋಶದ ಒಳಗೇ ಕೂತು ಬೆಳೆಯುತ್ತದೆ. ಸೆಫ್ಟ್ರಿಯಾಕ್ಸೋನ್, ವ್ಯಾಂಕೊಮೈಸಿನ್, ಮೆರೊಪೆನೆಮ್ ಯಾವುದನ್ನು ಎಷ್ಟು ಸುರಿದರೂ ಅದಕ್ಕೆ ತಟ್ಟುವುದಿಲ್ಲ. ಡಾಕ್ಸಿಸೈಕ್ಲಿನ್, ಅಜಿತ್ರೊಮೈಸಿನ್ ಕೋಶದ ಒಳಗೆ ಹೋಗುತ್ತವೆ. ಇದನ್ನು ಹರಡುವುದು ಗಿಡಗಂಟಿ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ. ಮಳೆಗಾಲ ಮುಗಿಯುವ ಹೊತ್ತಿನಿಂದ ಚಳಿಗಾಲದವರೆಗೆ ಜಾಸ್ತಿ. ಸೊಪ್ಪಿನ ಬೆಟ್ಟಕ್ಕೆ ಹೋದಿರಾ, ಹುಲ್ಲು ಕೊಯ್ದಿರಾ, ದರಕು ಗುಡಿಸಿದಿರಾ ಎಂದು ಕೇಳಬೇಕು. ಈ ಹೆಂಗಸು ಎರಡು ವಾರದ ಹಿಂದೆ ದನಕ್ಕೆ ಹುಲ್ಲು ಕೊಯ್ಯಲು ದಿನಾ ಹೋಗಿದ್ದರು.

ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂತೆ ಕಪ್ಪು ಹೊಪ್ಪಳೆ, ಸುತ್ತ ಕೆಂಪು ಅಂಚು ಇರುತ್ತದೆ. ಅದಕ್ಕೆ ಎಸ್ಕಾರ್ ಎನ್ನುತ್ತೇವೆ. ನೋವಿಲ್ಲ, ತುರಿಕೆ ಇಲ್ಲ, ಹಾಗಾಗಿ ರೋಗಿ ಹೇಳುವುದೇ ಇಲ್ಲ. ಬಟ್ಟೆ ಬಿಗಿಯಾಗಿ ಕೂರುವ ಕಡೆ, ಮಡಿಕೆ ಇರುವ ಕಡೆ ಹುಡುಕಿ: ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟ, ಕಿವಿಯ ಹಿಂದೆ. ಬೆವರುವ ಮಡಿಕೆಯಲ್ಲಿ ಹೊಪ್ಪಳೆ ಕಟ್ಟದೆ ಬರೀ ಹಸಿ ಹುಣ್ಣಿನಂತೆ ಇರಬಹುದು. ಸಿಸ್ಟರ್ ಪರದೆ ಎಳೆದು ಟಾರ್ಚ್ ಹಿಡಿದು ನೋಡಿದರು. ಲಂಗದ ಲಾಡಿ ಕಟ್ಟುವ ಗೆರೆಯ ಮೇಲೇ, ಎಡ ಮಗ್ಗುಲಲ್ಲಿ, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದೊಂದು ಕಪ್ಪು ಹೊಪ್ಪಳೆ ಸಿಕ್ಕಿತು.

ಎಸ್ಕಾರ್ ಸಿಗದಿದ್ದರೂ ಕಾಯಿಲೆ ಇರಬಹುದು. ಆದ್ದರಿಂದ ನನ್ನ ನಿಯಮ ಹೀಗೆ: ಈ ಸೀಮೆಯಲ್ಲಿ ಐದು ದಿನ ದಾಟಿದ ಜ್ವರದ ಜೊತೆ ಮೆನಿಂಜೈಟಿಸ್ ಲಕ್ಷಣ ಇದ್ದು, ಕಾಡು, ತೋಟ, ಹುಲ್ಲಿನ ಸಂಬಂಧ ಇದ್ದರೆ, ಪ್ಲೇಟ್‌ಲೆಟ್ ಕಡಿಮೆ ಅಥವಾ ಲಿವರ್ ಎನ್‌ಜೈಮ್ ಏರಿದ್ದರೆ, ಪರೀಕ್ಷೆಗೆ ಕಾಯದೆ ಡಾಕ್ಸಿಸೈಕ್ಲಿನ್ ಸೇರಿಸುವುದು. ಐಜಿಎಂ ಪರೀಕ್ಷೆ ಮೊದಲ ವಾರದಲ್ಲಿ ನೆಗೆಟಿವ್ ಬರಬಹುದು. ಅದನ್ನು ನಂಬಿ ಔಷಧಿ ಬಿಡಬೇಡಿ.

ತಿರುಗಿಸಿಯೂ ಹೇಳಬೇಕು. ಎಸ್ಕಾರ್ ಸಿಕ್ಕಿತು ಅಂತ ಸೆಫ್ಟ್ರಿಯಾಕ್ಸೋನ್ ಕೈಬಿಟ್ಟು ಬರೀ ಡಾಕ್ಸಿಯಲ್ಲಿ ಕಳಿಸಬೇಡಿ. ನ್ಯೂಮೊಕಾಕಸ್ ಇದ್ದರೆ ಡಾಕ್ಸಿಯಿಂದ ಅದು ನಿಲ್ಲುವುದಿಲ್ಲ, ಶಿವಮೊಗ್ಗ ತಲುಪುವಷ್ಟರಲ್ಲಿ ಕೈಮೀರಿರುತ್ತದೆ. ಡಾಕ್ಸಿ ಬರುವುದು ಜೊತೆಗೆ, ಬದಲಿಗೆ ಅಲ್ಲ.

ಮೊದಲು 200 ಮಿ.ಗ್ರಾಂ., ಆಮೇಲೆ 12 ಗಂಟೆಗೊಮ್ಮೆ 100. ಐವಿ ಡಾಕ್ಸಿ ನಮ್ಮಲ್ಲಿರಲಿಲ್ಲ. ರೈಲ್ಸ್ ಟ್ಯೂಬ್ ಹಾಕಿ, ಎರಡು ಕ್ಯಾಪ್ಸೂಲ್ ಬಿಚ್ಚಿ ನೀರಿನಲ್ಲಿ ಕಲಸಿ ಕೊಟ್ಟು, ನೀರಿನಿಂದಲೇ ಟ್ಯೂಬ್ ತೊಳೆದೆವು. ಬಸುರಿಯಾಗಿದ್ದರೆ ಡಾಕ್ಸಿ ಬದಲು ಅಜಿತ್ರೊಮೈಸಿನ್. ಎಂಟು ವರ್ಷದೊಳಗಿನ ಮಗುವಾದರೂ ಸ್ಕ್ರಬ್ ಅನುಮಾನ ಗಟ್ಟಿಯಿದ್ದರೆ, ಹಲ್ಲು ಕಲೆಯಾಗುತ್ತದೆಂಬ ಹಳೇ ಹೆದರಿಕೆಯಿಂದ ಕೆಲವು ದಿನದ ಡಾಕ್ಸಿಯನ್ನು ತಪ್ಪಿಸಬೇಡಿ. 45 ಕೆ.ಜಿ. ಒಳಗಿದ್ದರೆ ಕೆ.ಜಿ.ಗೆ 2.2 ಮಿ.ಗ್ರಾಂ., ದಿನಕ್ಕೆರಡು ಸಲ.

ಮಂಗನ ಕಾಯಿಲೆಯ ವಿಷಯ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ನಮ್ಮ ಜಿಲ್ಲೆಯ ಡಾಕ್ಟರ ತಲೆಯಲ್ಲಿ ಮೊದಲಿಗೇ ಬರುತ್ತದೆ. ಇದು ಉಣುಗಿನಿಂದ ಬರುವ ವೈರಸ್. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಕೆಲವರಿಗೆ ಮೊದಲ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಜ್ವರ, ತಲೆನೋವು, ಬಿಗಿದ ಕುತ್ತಿಗೆ ಬರುತ್ತವೆ. ನಡುವೆ ಜ್ವರ ಬಿಟ್ಟಿತ್ತಾ ಎಂದು ಕೇಳಲೇಬೇಕು. ಆಂಟಿಬಯೋಟಿಕ್‌ನಿಂದ ಇದಕ್ಕೆ ಪ್ರಯೋಜನವಿಲ್ಲ. ಆದರೆ "ಇದು ಮಂಗನ ಕಾಯಿಲೆಯೇ" ಎಂದು ರಾತ್ರಿ ತೀರ್ಮಾನಿಸಿ ಸೆಫ್ಟ್ರಿಯಾಕ್ಸೋನ್ ತಡೆಹಿಡಿಯುವುದು ದೊಡ್ಡ ತಪ್ಪು. ರಕ್ತ ಶಿವಮೊಗ್ಗದ ವೈರಸ್ ಪ್ರಯೋಗಾಲಯಕ್ಕೆ ಹೋಗಲಿ, ಔಷಧಿ ನಡೆಯುತ್ತಿರಲಿ. ನೋವಿಗೆ ಆಸ್ಪಿರಿನ್, ಡೈಕ್ಲೊಫೆನಾಕ್ ಮಾತ್ರ ಬೇಡ. ರಕ್ತಸ್ರಾವದ ಭಯ ಇದೆ.

ಐದನೆಯದು: ಬೆನ್ನಿನ ನೀರನ್ನು ಓದುವುದು

11.15ಕ್ಕೆ ಆಂಬ್ಯುಲೆನ್ಸ್ ಹೊರಟಿತು. ಚೀಟಿಯಲ್ಲಿ ಪ್ರತಿ ಔಷಧಿಯ ಡೋಸ್ ಮತ್ತು ಸಮಯ ಬರೆದಿದ್ದೆ. "ಆಂಟಿಬಯೋಟಿಕ್ ಕೊಡಲಾಗಿದೆ" ಎಂದಷ್ಟೇ ಬರೆದರೆ ಅಲ್ಲಿನವರಿಗೆ ಏನೂ ತಿಳಿಯದು. ಶಿವಮೊಗ್ಗದಲ್ಲಿ ರಾತ್ರಿ ಒಂದೂವರೆಗೆ ಬೆನ್ನಿನ ನೀರು ತೆಗೆದರು. ಫಿಟ್ಸ್, ಕೈಕಾಲು ಒಂದು ಕಡೆ ಸೋತಿರುವುದು, ಕಣ್ಣಿನ ನರ ಊದಿರುವುದು, ಜಿಸಿಎಸ್ ತೀರಾ ಕಡಿಮೆ, ಇವು ಇದ್ದಿದ್ದರೆ ಮೊದಲು ಸಿಟಿ ಆಗಬೇಕಿತ್ತು. ಪ್ಲೇಟ್‌ಲೆಟ್ 82,000 ಇತ್ತು, ಸೂಜಿ ಹಾಕಲು ಅಡ್ಡಿಯಿಲ್ಲ.

ಸೂಜಿ ಹಾಕುವ ಮುಂಚೆಯೇ ರಕ್ತದ ಸಕ್ಕರೆ ನೋಡಿದ್ದರು, 124. ಇದನ್ನು ಮರೆತರೆ ಬೆನ್ನಿನ ನೀರಿನ ಸಕ್ಕರೆಗೆ ಅರ್ಥವೇ ಇಲ್ಲ. ಡೆಕ್ಸಾ ರಕ್ತದ ಸಕ್ಕರೆಯನ್ನು ಏರಿಸುತ್ತಿರುತ್ತದೆ ಎಂಬುದೂ ನೆನಪಿರಲಿ.

ನೀರು ತಿಳಿಯಾಗಿತ್ತು. ಕಣ 140, ಅದರಲ್ಲಿ ಲಿಂಫೊಸೈಟ್ 85 ಶೇಕಡ. ಪ್ರೋಟೀನ್ 96. ಸಕ್ಕರೆ 58, ಅಂದರೆ ರಕ್ತದ ಅರ್ಧಕ್ಕೆ ಸ್ವಲ್ಪ ಕಡಿಮೆ. ಗ್ರಾಂ ಸ್ಟೇನ್‌ನಲ್ಲಿ ಏನೂ ಇಲ್ಲ.

ಇದನ್ನು ಓದುವುದು ಹೇಗೆ? ಔಷಧಿ ಹೋಗಿ ಹತ್ತಿರ ಹತ್ತಿರ ಎರಡೂ ಮುಕ್ಕಾಲು ಗಂಟೆ ಆಗಿದೆ. ಮೆನಿಂಗೊಕಾಕಸ್ ಎರಡು ಗಂಟೆಯಲ್ಲೇ ಕಲ್ಚರ್‌ನಿಂದ ಮಾಯವಾಗಬಹುದು, ನ್ಯೂಮೊಕಾಕಸ್ ನಾಲ್ಕು ಗಂಟೆಯ ಮೇಲೆ. ಹಾಗಾಗಿ ಕಲ್ಚರ್ ನೆಗೆಟಿವ್ ಎಂಬುದು ಒಂದೇ ಸಾಕ್ಷಿಯಾಗಿ ನಿಲ್ಲದು. ಆದರೆ ಕಣ, ಸಕ್ಕರೆ, ಪ್ರೋಟೀನ್ ಅಷ್ಟು ಬೇಗ ಬದಲಾಗುವುದಿಲ್ಲ, ದಿನಗಳು ಬೇಕು. ಬ್ಯಾಕ್ಟೀರಿಯಾದ್ದಾಗಿದ್ದರೆ ಸಾಮಾನ್ಯವಾಗಿ ಸಾವಿರ ದಾಟಿದ ಕಣ, ಬಹುಪಾಲು ನ್ಯೂಟ್ರೊಫಿಲ್, 40ಕ್ಕಿಂತ ಕೆಳಗಿನ ಸಕ್ಕರೆ ಇರಬೇಕಿತ್ತು. ಇಲ್ಲಿ ಅನುಮಾನ ಉಳಿಸಿದ್ದು ಆ ಮೂರು ದಿನದ ಸೆಫಿಕ್ಸಿಮ್. ಅರೆಬರೆ ಚಿಕಿತ್ಸೆಯಾದ ಬ್ಯಾಕ್ಟೀರಿಯಾವೂ ಹೀಗೆ ಲಿಂಫೊಸೈಟ್ ಮುಖ ತೋರಿಸಬಹುದು. ಆದ್ದರಿಂದ ಸೆಫ್ಟ್ರಿಯಾಕ್ಸೋನ್ ಉಳಿಸಿಕೊಂಡರು.

ಕ್ಷಯದ ಮೆನಿಂಜೈಟಿಸ್ ಕೂಡ ಹೀಗೇ ಕಾಣುತ್ತದೆ, ಅಲ್ವಾ? ಅದರಲ್ಲಿ ಸಾಮಾನ್ಯವಾಗಿ ವಾರಗಟ್ಟಲೆ ಕಾಯಿಲೆ ಇರುತ್ತದೆ, ಸಕ್ಕರೆ ಇನ್ನೂ ಕೆಳಗೆ, ಪ್ರೋಟೀನ್ ಇನ್ನೂ ಮೇಲೆ. ಸಿಬಿನ್ಯಾಟ್‌ಗೆ ನೀರು ಧಾರಾಳವಾಗಿ, 6 ಮಿ.ಲೀ.ಯಾದರೂ ಕಳಿಸಬೇಕು, ನಾಲ್ಕು ಹನಿ ಸಾಲದು. ಕಾರಣ ಗೊತ್ತಾಗುವ ಮೊದಲು ಲಿವೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್ ಸುಮ್ನೆ ಸೇರಿಸಬೇಡಿ. ಅವು ಕ್ಷಯವನ್ನು ಅರ್ಧ ಅದುಮಿ ಪತ್ತೆ ಕೆಡಿಸುತ್ತವೆ.

ಮಂಕು ಇದ್ದು ಲಿಂಫೊಸೈಟ್ ಜಾಸ್ತಿ ಎಂದರೆ ಹರ್ಪಿಸ್ ವೈರಸ್ ಇನ್ನೊಂದು ಸಾಧ್ಯತೆ. ಪಿಸಿಆರ್ ಕಳಿಸಿ ಅಸೈಕ್ಲೊವಿರ್ 500 ಮಿ.ಗ್ರಾಂ. (ಕೆ.ಜಿ.ಗೆ 10) ಎಂಟು ಗಂಟೆಗೊಮ್ಮೆ, ಒಂದು ಗಂಟೆ ಹಿಡಿದು ಶುರು ಮಾಡಿದರು. "ಎಸ್ಕಾರ್ ಸಿಕ್ಕಿತ್ತಲ್ಲ ಸಾರ್, ಮತ್ತೆ ಇದ್ಯಾಕೆ?" ಎಂದು ನಮ್ಮ ಇಂಟರ್ನಿ ಆಮೇಲೆ ಕೇಳಿದ. ಕಾರಣ ಇಷ್ಟೇ: ಹರ್ಪಿಸ್ ಆಗಿದ್ದು ಎರಡು ದಿನ ತಡವಾದರೆ ಮಿದುಳು ವಾಪಸ್ ಬರುವುದಿಲ್ಲ. ಅಲ್ಲದಿದ್ದರೆ ಎರಡು ದಿನದ ಔಷಧಿ ನಿಲ್ಲಿಸಿದರಾಯಿತು.

ಆರನೆಯದು: ಒಂದೊಂದಾಗಿ ಬಿಡುವುದು

ಸೇರಿಸಿದವರು ಬಿಡದಿದ್ದರೆ ಆರು ಔಷಧಿ ಹತ್ತು ದಿನ ಓಡುತ್ತವೆ, ಕಿಡ್ನಿ ಹೋಗುತ್ತದೆ. ಈ ಕೇಸಿನಲ್ಲಿ ಡೆಕ್ಸಾ ಮೊದಲು ನಿಂತಿತು, ಬೆನ್ನಿನ ನೀರಿನ ವರದಿ ಬಂದ ಬೆಳಗಿನ ಜಾವವೇ. ಮರುದಿನ ಕ್ರಿಯಾಟಿನಿನ್ 1.2ರಿಂದ 1.5ಕ್ಕೆ ಏರಿತು. ವ್ಯಾಂಕೊಮೈಸಿನ್, ಅಸೈಕ್ಲೊವಿರ್ ಎರಡೂ ಕಿಡ್ನಿಗೆ ಭಾರ. ಗ್ರಾಂ ಸ್ಟೇನ್ ಖಾಲಿ, ಕಣಗಳ ಮುಖ ಬೇರೆ, ಆದ್ದರಿಂದ ವ್ಯಾಂಕೊಮೈಸಿನ್ ಬಿಟ್ಟು ಸಲೈನ್ ಹೆಚ್ಚಿಸಿದರು. ಸೆಫ್ಟ್ರಿಯಾಕ್ಸೋನ್‌ಗೂ ಡಾಕ್ಸಿಗೂ ಕಿಡ್ನಿ ಲೆಕ್ಕ ಹಾಕಿ ಡೋಸ್ ಇಳಿಸುವ ಗೋಜಿಲ್ಲ.

ಮಿದುಳಿಗೂ ಲಿವರಿಗೂ ತಗುಲಿದ್ದರಿಂದ ಇದು ತೀವ್ರ ಸ್ಕ್ರಬ್. ತೀವ್ರ ಸ್ಕ್ರಬ್‌ನಲ್ಲಿ ಡಾಕ್ಸಿ ಒಂದೇ ಅಥವಾ ಅಜಿತ್ರೊ ಒಂದೇ ಕೊಡುವುದಕ್ಕಿಂತ ಎರಡನ್ನೂ ಐವಿ ಮೂಲಕ 7 ದಿನ ಕೊಡುವುದು ಮೇಲೆಂದು 2023ರಲ್ಲಿ ಪ್ರಕಟವಾದ ಭಾರತದ್ದೇ ಅಧ್ಯಯನ ತೋರಿಸಿದೆ. ಇಸಿಜಿ ನೋಡಿಕೊಂಡು ಅಜಿತ್ರೊ 500 ಮಿ.ಗ್ರಾಂ. 12 ಗಂಟೆಗೊಮ್ಮೆ ಸೇರಿಸಿದರು, ಡಾಕ್ಸಿಯನ್ನೂ ಐವಿಗೆ ಬದಲಿಸಿದರು.

ಡಾಕ್ಸಿ ಹೋಗಿ 36 ಗಂಟೆಗೆ ಜ್ವರ ಇಳಿಯಿತು. 48 ಗಂಟೆಯಲ್ಲಿ ರಕ್ತದ ಮತ್ತು ನೀರಿನ ಕಲ್ಚರ್ ಎರಡೂ ಖಾಲಿ. ರಕ್ತವನ್ನು ಔಷಧಿಗೆ ಮೊದಲೇ ಎಳೆದಿದ್ದರಿಂದ ಅದಕ್ಕೆ ತೂಕ ಜಾಸ್ತಿ ಇತ್ತು. ಆಂಪಿಸಿಲಿನ್, ಸೆಫ್ಟ್ರಿಯಾಕ್ಸೋನ್ ನಿಂತವು. ಮೂರನೇ ದಿನ ಸ್ಕ್ರಬ್ ಐಜಿಎಂ ಪಾಸಿಟಿವ್, ಹರ್ಪಿಸ್ ಪಿಸಿಆರ್ ನೆಗೆಟಿವ್. ಅಸೈಕ್ಲೊವಿರ್ ನಿಂತಿತು. ಒಂದು ವೇಳೆ 48 ಗಂಟೆ ಕಳೆದರೂ ಜ್ವರ ಹಾಗೇ ಇದ್ದಿದ್ದರೆ ಡೋಸ್ ಏರಿಸುವುದಲ್ಲ, ಮತ್ತೆ ಬೆನ್ನಿನ ನೀರು ತೆಗೆದು ಕ್ಷಯ, ಮಂಗನ ಕಾಯಿಲೆ ಎರಡನ್ನೂ ಹೊಸದಾಗಿ ಹುಡುಕಬೇಕಿತ್ತು.

ಐದನೇ ದಿನ ಶಿವಮೊಗ್ಗದ ಗೆಳೆಯನಿಗೆ ಫೋನ್ ಮಾಡಿದೆ. ಹೆಂಗಸು ಎದ್ದು ಕೂತು, ಯಾವ ಊರು ಎಂದರೆ ಸರಿಯಾಗಿ ಶಿವಮೊಗ್ಗ ಎನ್ನುತ್ತಿದ್ದರಂತೆ. ಕಡೆಯ ಎರಡು ದಿನಕ್ಕೆ ಡಾಕ್ಸಿ ಬಾಯಿಗೆ ಬದಲಾಗಿತ್ತು. ಮಗ ಪ್ರೀತಿಯಿಂದ ಬಿಸಿಹಾಲಿನ ಲೋಟ ತಂದು ಕ್ಯಾಪ್ಸೂಲ್ ಕೊಡಲು ಹೊರಟಿದ್ದ. ಜೊತೆಗೆ ರಕ್ತ ಕಡಿಮೆ ಎಂದು ಯಾರೋ ಬರೆದ ಕಬ್ಬಿಣದ ಮಾತ್ರೆ. ಹಾಲು ಡಾಕ್ಸಿಯನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ, ಕಬ್ಬಿಣ ಮತ್ತು ಆಂಟಾಸಿಡ್ ತುಂಬಾ ಜಾಸ್ತಿ. ಸಿಸ್ಟರ್ ಲೋಟ ಇಸಿದುಕೊಂಡು, "ಮೊದ್ಲು ಒಂದು ದೊಡ್ಡ ಲೋಟ ನೀರಲ್ಲಿ ನುಂಗಿ ಅಮ್ಮ, ಅರ್ಧ ಗಂಟೆ ಮಲಗ್ಬೇಡಿ, ಇಲ್ಲಾಂದ್ರೆ ಗಂಟಲು ಉರಿ ಬರತ್ತೆ. ಹಾಲು ಎರಡು ಗಂಟೆ ಬಿಟ್ಟು ಕುಡೀರಿ" ಎಂದರಂತೆ. ಕಬ್ಬಿಣದ ಮಾತ್ರೆಯನ್ನು ಡಾಕ್ಸಿ ಕೋರ್ಸ್ ಮುಗಿಯುವ ತನಕ ಡ್ರಾಯರಿನಲ್ಲಿ ಇಟ್ಟುಬಿಟ್ಟರು.